ಬೇಸಿಕ್ ಎಷ್ಟು?

ಪರಿಚಯದ ಹುಡುಗಿಯೊಬ್ಬಳು ಎರಡು ಆಫರ್ ಲೆಟರ್ ಹಿಡಿದುಕೊಂಡು ಮನೆಗೆ ಬಂದಿದ್ದಳು. ಎರಡೂ ಬೆಂಗಳೂರಿನ ಕಂಪನಿಗಳು, ಎರಡರಲ್ಲೂ ವರ್ಷದ ಸಿಟಿಸಿ ಆರು ಲಕ್ಷ. ಕೈಗೆ ಬರುವ ಸಂಬಳ ಮಾತ್ರ ಬೇರೆ. ಮೊದಲನೆಯದರಲ್ಲಿ ತಿಂಗಳಿಗೆ 45,479 ರೂಪಾಯಿ, ಎರಡನೆಯದರಲ್ಲಿ 42,598. "ಮಾಮ, ಇವರು 2,881 ರೂಪಾಯಿ ಕಡಿಮೆ ಕೊಡ್ತಿದಾರೆ, ಅಲ್ವಾ?" ಎಂದು ಕೇಳಿದಳು. ಆ 2,881 ರೂಪಾಯಿ ಹೋದದ್ದೆಲ್ಲಿಗೆ ಎಂದು ಇಬ್ಬರೂ ಕೂತು ಹುಡುಕಿದೆವು. ಉತ್ತರ ಸಿಕ್ಕಿದ್ದು ಪಟ್ಟಿಯ ಮೊದಲ ಸಾಲಿನಲ್ಲೇ. ಒಂದು ಕಡೆ ಬೇಸಿಕ್ 15,000, ಇನ್ನೊಂದು ಕಡೆ 25,000.

ಸರ್ಕಾರಿ ನೌಕರಿಯಲ್ಲಿ ಮೂಲ ವೇತನವನ್ನು ವೇತನ ಆಯೋಗದ ಶ್ರೇಣಿ ನಿರ್ಧರಿಸುತ್ತದೆ. ಅದರ ಮೇಲೆ ತುಟ್ಟಿಭತ್ಯೆ, ಬಾಡಿಗೆ ಭತ್ಯೆ ಸೇರುತ್ತಾ ಹೋಗುತ್ತವೆ. ಖಾಸಗಿ ಕಂಪನಿಯಲ್ಲಿ ಲೆಕ್ಕ ತಿರುಗುಮುರುಗು. ಮೊದಲು ಒಟ್ಟು ಮೊತ್ತ ಗೊತ್ತಾಗುತ್ತದೆ, ಆಮೇಲೆ ಅದನ್ನು ಹೋಳು ಮಾಡುತ್ತಾರೆ. ಸಿಟಿಸಿಯ ಶೇಕಡಾ ಇಷ್ಟು ಬೇಸಿಕ್ ಎಂದು ಕಂಪನಿಯೇ ಗೆರೆ ಎಳೆಯುತ್ತದೆ. ಬೇಸಿಕ್‌ನ ಶೇ 40ರಷ್ಟೋ 50ರಷ್ಟೋ ಮನೆ ಬಾಡಿಗೆ ಭತ್ಯೆಗೆ ಹೋಗುತ್ತದೆ. ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿಯನ್ನು ತೆಗೆದಿಡುತ್ತಾರೆ. ಇಷ್ಟಾದ ಮೇಲೆ ಉಳಿದದ್ದನ್ನೆಲ್ಲ 'ವಿಶೇಷ ಭತ್ಯೆ' ಎಂಬ ಹೆಸರಿನಡಿ ಸುರಿಯುತ್ತಾರೆ. ಹೆಸರಿಗೆ ವಿಶೇಷವಾದರೂ ಅದು ಲೆಕ್ಕ ಸರಿಹೊಂದಿಸಲು ಇಟ್ಟ ಸಾಲು, ಅಷ್ಟೇ. ಹುಡುಗಿಯ ಮೊದಲ ಪತ್ರದಲ್ಲಿ ಅದು 26,479 ರೂಪಾಯಿ. ಬೇಸಿಕ್‌ಗಿಂತಲೂ ದೊಡ್ಡದು.

ಈಗ ಆ 2,881ರ ಜಾಡು ನೋಡೋಣ. ಪಿಎಫ್‌ಗೆ ನೌಕರ ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ 12 ಕಟ್ಟಬೇಕು, ಕಂಪನಿಯೂ ಅಷ್ಟೇ ಕಟ್ಟಬೇಕು. 15,000ಕ್ಕೆ ತಲಾ 1,800 ಆದರೆ 25,000ಕ್ಕೆ ತಲಾ 3,000. ಎರಡೂ ಪಾಲು ಸೇರಿಸಿದರೆ ತಿಂಗಳಿಗೆ 2,400 ರೂಪಾಯಿ ವ್ಯತ್ಯಾಸ. ಉಳಿದ 481 ರೂಪಾಯಿ ಗ್ರಾಚ್ಯುಟಿಯ ಬಾಬ್ತು. ಒಂದು ಕಡೆ 721 ತೆಗೆದಿಟ್ಟಿದ್ದಾರೆ, ಇನ್ನೊಂದು ಕಡೆ 1,202. ಎರಡನೆಯ ಕಂಪನಿ ಒಂದು ರೂಪಾಯಿಯನ್ನೂ ಕಡಿಮೆ ಕೊಟ್ಟಿರಲಿಲ್ಲ. ಅದೇ ಹಣ ಬೇರೆ ಡಬ್ಬಿಗೆ ಬಿದ್ದಿತ್ತು.

ಪಿಎಫ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಹುಡುಗಿ ಹಳೆಯ ಕೆಲಸದಲ್ಲೇ ಪಿಂಚಣಿ ಯೋಜನೆಯ ಸದಸ್ಯೆಯಾಗಿದ್ದವಳು. ಅಂಥವರಿಗೆ ಕಂಪನಿ ಕಟ್ಟುವ ಪಾಲೆಲ್ಲ ಖಾತೆಗೆ ಬರುವುದಿಲ್ಲ. ಅದರಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದೆ. 2014ರ ಸೆಪ್ಟೆಂಬರ್‌ನಿಂದ ಈ ಲೆಕ್ಕಕ್ಕೆ ವೇತನದ ಮಿತಿ 15,000, ಹಾಗಾಗಿ ಪಿಂಚಣಿಗೆ ಹೋಗುವುದು ಹೆಚ್ಚೆಂದರೆ 1,250 ರೂಪಾಯಿ. ಮೊದಲ ಕಂಪನಿಯ 1,800ರಲ್ಲಿ ಅದನ್ನು ಕಳೆದರೆ ಖಾತೆಗೆ ಉಳಿಯುವುದು ಬರೀ 550. ಎರಡನೆಯದರ 3,000ದಲ್ಲಿ ಉಳಿಯುವುದು 1,750. ಅವಳದೇ ಕಂತು ಸೇರಿಸಿದರೆ ಒಂದು ಕಡೆ ತಿಂಗಳಿಗೆ 2,350, ಇನ್ನೊಂದು ಕಡೆ 4,750. ಬೇಸಿಕ್ ದುಪ್ಪಟ್ಟೇನೂ ಆಗಿಲ್ಲ, ಖಾತೆಗೆ ಬೀಳುವ ಹಣ ಮಾತ್ರ ದುಪ್ಪಟ್ಟು ದಾಟಿದೆ.

ಮೊದಲ ಪತ್ರದಲ್ಲಿ ಬೇಸಿಕ್ ಸರಿಯಾಗಿ 15,000 ಇದ್ದದ್ದೂ ಆಕಸ್ಮಿಕವಲ್ಲ. ಪಿಎಫ್ ಕಾನೂನಿನ ಕಡ್ಡಾಯ ಅಲ್ಲಿಗೆ ನಿಲ್ಲುತ್ತದೆ. ಬೇಸಿಕ್ 40,000 ಇದ್ದರೂ 15,000ದ ಮೇಲಷ್ಟೇ ಪಿಎಫ್ ಕಟ್ಟುವ ಕಂಪನಿಗಳಿವೆ, ಅದು ಕಾನೂನಿಗೆ ವಿರುದ್ಧವೂ ಅಲ್ಲ. ಗುರುತಿಸುವುದು ಸುಲಭ. ಬೇಸಿಕ್ ಏರುತ್ತಿದ್ದರೂ ಪೇ ಸ್ಲಿಪ್ಪಿನ ಪಿಎಫ್ ಸಾಲಿನಲ್ಲಿ ವರ್ಷವರ್ಷವೂ 1,800 ಎಂದೇ ಇದ್ದರೆ ನಿಮ್ಮ ಪಿಎಫ್ ಮಿತಿಗೆ ಕಟ್ಟಿಹಾಕಲ್ಪಟ್ಟಿದೆ ಎಂದರ್ಥ.

ಬೇಸಿಕ್ 15,000ಕ್ಕಿಂತ ಕೆಳಗಿರುವವರ ಕಥೆ ಬೇರೆ, ನನಗೆ ಹೆಚ್ಚು ಸಂಕಟವಾಗುವುದು ಅವರ ವಿಷಯದಲ್ಲೇ. ಅವರ ಸಂಬಳವನ್ನು ಹೋಳು ಮಾಡಿ ಒಂದು ಭಾಗಕ್ಕೆ ಭತ್ಯೆ ಎಂದು ಹೆಸರಿಟ್ಟರೆ ಅಷ್ಟರ ಮಟ್ಟಿಗೆ ಪಿಎಫ್ ಕರಗುತ್ತದೆ. ವಿವೇಕಾನಂದ ವಿದ್ಯಾಮಂದಿರ ಪ್ರಕರಣದಲ್ಲಿ 2019ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ತೀರ್ಮಾನಿಸಿತು. ಎಲ್ಲರಿಗೂ ಒಂದೇ ರೀತಿ, ಮಾಮೂಲಾಗಿ ಕೊಡುವ ಭತ್ಯೆ ಮೂಲ ವೇತನದ ಭಾಗವೇ, ಅದರ ಮೇಲೂ ಪಿಎಫ್ ಕಟ್ಟಬೇಕು ಎಂಬುದು ಅದರ ಸಾರ. ಹೆಚ್ಚು ಕೆಲಸ ಮಾಡಿದವರಿಗೆ ಸಿಗುವ ಪ್ರೋತ್ಸಾಹಧನದಂಥವು ಇದಕ್ಕೆ ಸೇರುವುದಿಲ್ಲ. ಮನೆ ಬಾಡಿಗೆ ಭತ್ಯೆ ಕಾನೂನಿನಲ್ಲೇ ಹೊರಗಿದೆ.

ಗ್ರಾಚ್ಯುಟಿಯ ಸ್ವಭಾವ ಪಿಎಫ್‌ನಂತಲ್ಲ. ಪಿಎಫ್ ತಿಂಗಳು ತಿಂಗಳು ಕೂಡುತ್ತಾ ಬರುತ್ತದೆ. ಗ್ರಾಚ್ಯುಟಿಯನ್ನು ಕೆಲಸ ಬಿಡುವ ದಿನ ಒಮ್ಮೆಗೇ ಅಳೆಯುತ್ತಾರೆ, ಅದೂ ಕೊನೆಯ ತಿಂಗಳ ವೇತನದಿಂದ. 1972ರ ಕಾಯ್ದೆಯಲ್ಲಿದ್ದ ಸೂತ್ರದ ಪ್ರಕಾರ ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ ಒಂದು ದಿನದ ಕೂಲಿ ತೆಗೆಯಬೇಕು, ಅದನ್ನು 15 ದಿನಕ್ಕೆ ಗುಣಿಸಬೇಕು, ಮತ್ತೆ ಸೇವೆಯ ವರ್ಷಗಳಿಗೆ ಗುಣಿಸಬೇಕು. 26 ಎಂದರೆ ಭಾನುವಾರಗಳನ್ನು ಬಿಟ್ಟ ತಿಂಗಳ ದಿನಗಳು. ಆರು ತಿಂಗಳು ಮೀರಿದ ಚೂರು ಇಡೀ ವರ್ಷವೆಂದು ಲೆಕ್ಕ.

ಹುಡುಗಿ ಎರಡನೆಯ ಕಂಪನಿಯಲ್ಲಿ ಏಳು ವರ್ಷ ಏಳು ತಿಂಗಳು ದುಡಿದಳು, ಅಷ್ಟು ಹೊತ್ತಿಗೆ ಬೇಸಿಕ್ 40,000 ಆಯಿತು ಎನ್ನೋಣ. ಸೇವೆ ಎಂಟು ವರ್ಷವಾಗುತ್ತದೆ, ಗ್ರಾಚ್ಯುಟಿ 1,84,615 ರೂಪಾಯಿ. ಮೊದಲನೆಯದರಲ್ಲಿ ಅದೇ ಪ್ರಮಾಣದಲ್ಲಿ ಏರಿದ್ದರೆ ಬೇಸಿಕ್ 24,000, ಗ್ರಾಚ್ಯುಟಿ 1,10,769. ಕಡಿಮೆ ಸಂಬಳದಲ್ಲಿ ದುಡಿದ ಆರಂಭದ ವರ್ಷಗಳಿಗೂ ಕೊನೆಯ ಬೇಸಿಕ್ಕೇ ಅನ್ವಯವಾಗುತ್ತದೆ. ಕಂಪನಿಗಳು ಬೇಸಿಕ್ ಏರಿಸಲು ಹಿಂದೆಮುಂದೆ ನೋಡುವ ದೊಡ್ಡ ಕಾರಣ ಇದು. ಇವತ್ತು ಏರಿಸಿದ ಒಂದು ಸಾವಿರ ಹಿಂದಿನ ಎಲ್ಲ ವರ್ಷಗಳ ಬಾಕಿಯನ್ನೂ ಏರಿಸುತ್ತದೆ.

ಆದರೆ ಕಾಯಂ ನೌಕರರು ಐದು ವರ್ಷ ತುಂಬದೆ ಬಿಟ್ಟರೆ ಸಾಮಾನ್ಯವಾಗಿ ಗ್ರಾಚ್ಯುಟಿ ಇಲ್ಲ. ಸಾವು ಅಥವಾ ಅಂಗವೈಕಲ್ಯದ ಸಂದರ್ಭಕ್ಕೆ ಮಾತ್ರ ಈ ಷರತ್ತು ಅನ್ವಯಿಸದು. ಹುಡುಗಿ ಮೂರು ವರ್ಷಕ್ಕೇ ಹೊರಟರೆ, ಸಿಟಿಸಿಯಲ್ಲಿ ಅವಳದೆಂದು ತೋರಿಸಿದ ತಿಂಗಳ 1,202 ರೂಪಾಯಿಯಂತೆ 43,272 ರೂಪಾಯಿ ಅವಳ ಕೈ ಸೇರುವುದೇ ಇಲ್ಲ. ಸಿಟಿಸಿಯೊಳಗೆ ಗ್ರಾಚ್ಯುಟಿ ತೂರಿಸುವುದು ನನಗೆ ಸರಿಯೆನಿಸದಿರುವುದು ಇದಕ್ಕೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಆಟದ ನಿಯಮವನ್ನು ಬದಲಿಸಿವೆ. ಮನೆ ಬಾಡಿಗೆ, ಪ್ರಯಾಣ ಭತ್ಯೆ ಮುಂತಾದ ಹೊರಗಿಡುವ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧ ದಾಟಿದರೆ ದಾಟಿದ ಭಾಗ 'ವೇತನ'ಕ್ಕೇ ಸೇರುತ್ತದೆ. 50,000ದಲ್ಲಿ ಬೇಸಿಕ್ 15,000 ಇಟ್ಟು 35,000ವನ್ನು ಇಂಥ ಭತ್ಯೆಗಳಲ್ಲಿ ತೋರಿಸಿದರೆ, ಅರ್ಧ ಮೀರಿದ 10,000 ಮರಳಿ ಬಂದು ವೇತನ 25,000 ಆಗುತ್ತದೆ. ಗ್ರಾಚ್ಯುಟಿ ಅದರ ಮೇಲೆ. ಹೊರಗಿಡುವ ಆ ಪಟ್ಟಿಯಲ್ಲಿ ವಿಶೇಷ ಭತ್ಯೆಯ ಹೆಸರೇ ಇಲ್ಲ ಎಂಬುದೂ ಗಮನಿಸಬೇಕಾದ್ದು. ನಿಗದಿತ ಅವಧಿಯ ಗುತ್ತಿಗೆಯಲ್ಲಿ ಸೇರಿದವರಿಗೆ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ಪಿಎಫ್‌ನ 15,000ದ ಮಿತಿ ಮಾತ್ರ ಹಾಗೆಯೇ ಇದ್ದದ್ದರಿಂದ, ಅಲ್ಲಿ ಕಟ್ಟಿಹಾಕಿದ ಕಂಪನಿಗಳಲ್ಲಿ ಕೈಗೆ ಬರುವ ಸಂಬಳ ಕಡಿಮೆಯಾಗಲೇಬೇಕಿಲ್ಲ.

ಹುಡುಗಿ ಸಹಿ ಹಾಕುವ ಮುನ್ನ ಎರಡನೆಯ ಕಂಪನಿಗೆ ಎರಡೇ ಪ್ರಶ್ನೆ ಬರೆದು ಕಳಿಸಿದಳು. ಮುಂದೆ ಬೇಸಿಕ್ ಏರಿದಾಗಲೂ ಪಿಎಫ್ ಪೂರ್ತಿ ಬೇಸಿಕ್ ಮೇಲೆಯೇ ಕಟ್ಟುತ್ತೀರಾ? ಸಂಬಳ ಏರಿಸುವಾಗ ಬೇಸಿಕ್ ಕೂಡ ಅದೇ ಪ್ರಮಾಣದಲ್ಲಿ ಏರುತ್ತದೆಯೋ, ಭತ್ಯೆ ಮಾತ್ರವೋ? ಎರಡಕ್ಕೂ ಇಮೇಲ್‌ನಲ್ಲಿ ಬಂದ ಉತ್ತರವನ್ನು ಆಫರ್ ಲೆಟರ್ ಜೊತೆಗೇ ಫೈಲಿಗೆ ಹಾಕಿಟ್ಟಿದ್ದಾಳೆ.