ಜಾರದ ನೆಲ ಯಾವುದು?

ಬೆಂಗಳೂರಿನ ಹಳೆಯ ಬಡಾವಣೆಯ ಒಂದು ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಕಟ್ಟಿ ಐವತ್ತು ವರ್ಷಗಳಾಗಿವೆ. ನಡುಮನೆಯಿಂದ ಬಚ್ಚಲುಮನೆಯವರೆಗೂ ಒಂದೇ ಬಗೆಯ ಮೊಸಾಯಿಕ್ ನೆಲ. ವರ್ಷಾನುಗಟ್ಟಲೆ ಒರೆಸಿದುದರಿಂದ ಅದು ಕನ್ನಡಿಯಂತೆ ಹೊಳೆಯುತ್ತಿದೆ. ಒಂದು ಮುಂಜಾನೆ ಆ ಮನೆಯ ಅಜ್ಜಿ ಸ್ನಾನ ಮುಗಿಸಿ, ಒದ್ದೆಗಾಲಿನಲ್ಲಿ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟೊಡನೆ ಜಾರಿಬಿದ್ದು ಮುಂಗೈ ಮುರಿದುಕೊಂಡರು. ಮುರಿದದ್ದು ಸೊಂಟದ ಮೂಳೆಯಾಗಿದ್ದರೆ ಅವರು ಮತ್ತೆ ಮೊದಲಿನಂತೆ ಓಡಾಡುವುದೇ ಕಷ್ಟವಾಗುತ್ತಿತ್ತು. ಮನೆಯವರು ಹೆದರಿ, ನೆಲವನ್ನೆಲ್ಲ ಕಿತ್ತು ಹೊಸದು ಹಾಕಿಸಲು ಹೊರಟರು. ಒಬ್ಬರು ವಿನೈಲ್ ಎಂದರು, ಇನ್ನೊಬ್ಬರು ಲ್ಯಾಮಿನೇಟ್ ಎಂದರು, ಮೇಸ್ತ್ರಿ ಸೆರಾಮಿಕ್ ಟೈಲ್ಸ್ ಎಂದನು. ಇವುಗಳಲ್ಲಿ ಯಾವುದು ಸರಿ? ಉತ್ತರ ಹೇಳುವ ಮೊದಲು ಅಜ್ಜಿ ಜಾರಿದುದು ಏಕೆ ಎಂಬುದನ್ನು ನಾವು ವಿಚಾರಿಸಬೇಕು.

ಸಮನೆಲದ ಮೇಲೆ ಸಾಮಾನ್ಯವಾಗಿ ನಡೆಯಲು ಬೇಕಾಗುವ ಘರ್ಷಣೆ ಬಹಳವೇನಲ್ಲ. ದೇಹದ ಭಾರದ ಸುಮಾರು ಐದನೆಯ ಒಂದು ಪಾಲಿನಷ್ಟು ಬಲದಿಂದ ನೆಲವು ಪಾದವನ್ನು ಹಿಡಿದುಕೊಂಡರೆ ಸಾಕು. ಒಣಗಿರುವಾಗ ನಾಲ್ಕು ಬಗೆಯ ನೆಲಗಳೂ ಇದಕ್ಕಿಂತ ಹೆಚ್ಚು ಹಿಡಿತವನ್ನು ಕೊಡುತ್ತವೆ. ಆದುದರಿಂದ ಒಣನೆಲದ ಹೊಳಪನ್ನು ನೋಡಿ ಹೆದರಬೇಕಾದುದಿಲ್ಲ. ತೊಡಕು ಹುಟ್ಟುವುದು ನೀರು ಬಿದ್ದಾಗ.

ಹಿಮ್ಮಡಿ ನೆಲಕ್ಕೆ ತಾಗುವ ಕ್ಷಣದಲ್ಲಿ ಅದರ ಅಡಿಯ ನೀರು ಪಕ್ಕಕ್ಕೆ ಹರಿದುಹೋಗಬೇಕು. ಅದಕ್ಕೆ ದೊರೆಯುವ ಕಾಲ ಸೆಕೆಂಡಿನ ಒಂದು ಸಣ್ಣ ಅಂಶ ಮಾತ್ರ. ನೆಲ ಪೂರ್ತಿ ನಯವಾಗಿದ್ದರೆ ನೀರೆಲ್ಲ ಹೊರಹೋಗಲಾರದೆ, ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪೊರೆಯಾಗಿ ಉಳಿದುಬಿಡುತ್ತದೆ. ಆಗ ಪಾದವು ನೆಲದ ಮೇಲಿರುವುದಿಲ್ಲ, ನೀರಿನ ಮೇಲಿರುತ್ತದೆ. ನೆಲದಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳಿದ್ದರೆ ಉಬ್ಬುಗಳು ಆ ಪೊರೆಯನ್ನು ಸೀಳಿಕೊಂಡು ಪಾದವನ್ನು ಮುಟ್ಟುತ್ತವೆ, ತಗ್ಗುಗಳು ನೀರಿಗೆ ದಾರಿ ಕೊಡುತ್ತವೆ. ಶುದ್ಧವಾದ ನೀರಿಗೆ ಈ ಉಬ್ಬುತಗ್ಗು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟಿದ್ದರೂ ಸಾಕಾಗುತ್ತದೆ. ಸಾಬೂನು ನೀರು ಅಥವಾ ಎಣ್ಣೆಯಾದರೆ ಪೊರೆ ಇನ್ನೂ ಗಟ್ಟಿಯಾಗಿ ನಿಲ್ಲುವುದರಿಂದ ಒರಟು ಹೆಚ್ಚು ಬೇಕಾಗುತ್ತದೆ. ಎಣ್ಣೆಸ್ನಾನದ ದಿನ ಬಚ್ಚಲು ಜಾರುವುದರ ಗುಟ್ಟು ಇದೇ.

ಇದರಿಂದ ಇನ್ನೊಂದು ಮಾತೂ ತಿಳಿದುಬರುತ್ತದೆ. ಅಂಗಡಿಯಲ್ಲಿ ಟೈಲಿನ ಮೇಲೆ ಕೈಯಾಡಿಸಿ ಅಥವಾ ಅದರ ಮೇಲೆ ನಿಂತು ನೋಡಿ ಜಾರಿಕೆಯನ್ನು ತೀರ್ಮಾನಿಸುವುದು ಸರಿಯಲ್ಲ. ನಿಂತ ಪಾದದ ಅಡಿಯ ನೀರಿಗೆ ಹೊರಹೋಗಲು ಬೇಕಾದಷ್ಟು ಸಮಯವಿರುತ್ತದೆ. ನಡೆಯುವ ಪಾದಕ್ಕೆ ಆ ಸಮಯವಿಲ್ಲ. ಆದುದರಿಂದ ಪ್ರಯೋಗಶಾಲೆಗಳಲ್ಲಿ ಚಲಿಸುವ ಪಾದವನ್ನೇ ಪರೀಕ್ಷಿಸುತ್ತಾರೆ. ಜರ್ಮನಿಯ ಒಂದು ಕ್ರಮದಲ್ಲಿ, ಸಾಬೂನು ನೀರು ಹರಿಯುವ ಇಳಿಜಾರಿನ ಮೇಲೆ ಮನುಷ್ಯನೊಬ್ಬ ಬರಿಗಾಲಿನಲ್ಲಿ ನಡೆಯುತ್ತಿರುವಂತೆ ಇಳಿಜಾರನ್ನು ಮೆಲ್ಲಗೆ ಎತ್ತುತ್ತಾ ಹೋಗುತ್ತಾರೆ. 12 ಡಿಗ್ರಿಯವರೆಗೆ ಜಾರದೆ ನಿಂತರೆ ಆ ಟೈಲಿಗೆ 'ಎ' ದರ್ಜೆ, 18 ಡಿಗ್ರಿಗೆ 'ಬಿ', 24 ಡಿಗ್ರಿಗೆ 'ಸಿ'. ಸ್ನಾನದ ಜಾಗಕ್ಕೆ 'ಬಿ' ದರ್ಜೆ ಇರಬೇಕು. ಡಬ್ಬಿಯ ಮೇಲೆ ಆರ್ 9, ಆರ್ 10 ಎಂಬ ಗುರುತುಗಳೂ ಇರುವುದುಂಟು. ಅವು ಬೂಟು ತೊಟ್ಟು ಎಣ್ಣೆಯ ಮೇಲೆ ನಡೆದ ಪರೀಕ್ಷೆಯ ಫಲ. ಬರಿಗಾಲಿನ ಬಚ್ಚಲಿಗೆ ಅವು ನೇರವಾಗಿ ಅನ್ವಯಿಸವು. ಆರ್ 9 ಎಂಬುದು ಆ ಸಾಲಿನ ಕೆಳಗಿನ ಮೆಟ್ಟಿಲು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಈಗ ನಾಲ್ಕು ನೆಲಗಳನ್ನು ನೀರಿನ ಮುಂದೆ ನಿಲ್ಲಿಸಿ ನೋಡೋಣ.

ನಮ್ಮಲ್ಲಿ ಮೊಸಾಯಿಕ್ ಎನ್ನುವುದು ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಗಾಜಿನ ಪಟ್ಟಿಗಳಿಂದ ಮನೆ ಮನೆಯಾಗಿ ವಿಂಗಡಿಸಿದ ನೆಲವನ್ನು. ಗಾರೆ ಗಟ್ಟಿಯಾದ ಮೇಲೆ ಅದನ್ನು ಮೊದಲು ದಪ್ಪ ಕಣದ, ಆಮೇಲೆ ಸಣ್ಣ ಕಣದ ಸಾಣೆಕಲ್ಲುಗಳಿಂದ ಯಂತ್ರದಲ್ಲಿ ತೀಡಿ, ಕೊನೆಗೆ ಆಕ್ಸಾಲಿಕ್ ಆಮ್ಲದಿಂದ ಹೊಳಪು ಕೊಡುತ್ತಾರೆ. ಮೇಲಿನ ಉಬ್ಬುತಗ್ಗೆಲ್ಲ ಸವೆದುಹೋಗುವುದೇ ಈ ಹೊಳಪಿನ ಅರ್ಥ. ಆದುದರಿಂದ ಒದ್ದೆಯಾದಾಗ ಅದು ಜಾರುವುದು ಸಹಜ. ಮೇಲೆ ಮೇಣದ ಪಾಲಿಷ್ ಬಳಿದಿದ್ದರೆ ಕೇಡು ಇನ್ನೂ ಹೆಚ್ಚು.

ಸೆರಾಮಿಕ್ ಟೈಲ್ಸ್‌ನಲ್ಲಿ ಎರಡು ತುದಿಗಳೂ ಇವೆ. ಹೊಳಪಿನ ಟೈಲು ಮೊಸಾಯಿಕ್‌ನಂತೆಯೇ ಜಾರುತ್ತದೆ. ಒರಟು ಮೈಯ ಮಂಕು ಟೈಲು ಒದ್ದೆಯಲ್ಲಿಯೂ ಹಿಡಿಯುತ್ತದೆ. ಗಾತ್ರಕ್ಕೂ ಬೆಲೆಯುಂಟು. ಎರಡಡಿ ಚದರದ ಟೈಲಿನ ಮೇಲೆ ಇಟ್ಟ ಪಾದದ ಅಡಿಯಲ್ಲಿ ಎಷ್ಟೋ ಸಲ ಒಂದು ಸಂದೂ ಇರುವುದಿಲ್ಲ. ನಾಲ್ಕು ಅಂಗುಲದ ಟೈಲಾದರೆ ಎರಡು ಮೂರು ಸಂದುಗಳು ಬರುತ್ತವೆ. ಅವು ನೀರಿಗೆ ಕಾಲುವೆ, ಪಾದಕ್ಕೆ ಆಸರೆ.

ವಿನೈಲ್ ಒಂದು ಮೆತುವಾದ ಪ್ಲಾಸ್ಟಿಕ್. ಒಣಗಿದಾಗ ಕಾಲಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಮೇಲ್ಮೈ ನಯವಾಗಿದ್ದರೆ ನೀರಿನಲ್ಲಿ ಅದೂ ಜಾರುತ್ತದೆ. ಗೀರುಗಳನ್ನು ಒತ್ತಿ ಮಾಡಿದ ಬಗೆ ವಾಸಿ. ಲ್ಯಾಮಿನೇಟ್ ಎಂದರೆ ಒತ್ತಿದ ಮರದ ನಾರಿನ ಹಲಗೆಯ ಮೇಲೆ ಮರದ ಚಿತ್ರವಿರುವ ಕಾಗದ, ಅದರ ಮೇಲೆ ಗಟ್ಟಿ ರಾಳದ ಪೊರೆ. ಇದರ ನಯವಾದ ಬಗೆ ಒದ್ದೆಯಲ್ಲಿ ಜಾರುತ್ತದೆ. ಅಷ್ಟೇ ಅಲ್ಲ, ನಿಂತ ನೀರು ಸಂದಿನೊಳಗೆ ಇಳಿದರೆ ಹಲಗೆ ಉಬ್ಬಿಕೊಳ್ಳುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಆದಕಾರಣ ಬಚ್ಚಲಿನ ವಿಚಾರದಲ್ಲಿ ಇದನ್ನು ಬಿಟ್ಟುಬಿಡಬಹುದು.

ಇನ್ನು ದುರಸ್ತಿ. ನೆಲವು ಒಂದೇ ಹಾಸೋ ಅಥವಾ ಬಿಡಿ ತುಂಡುಗಳೋ ಎಂಬುದರ ಮೇಲೆ ಇದು ನಿಂತಿದೆ. ಸೆರಾಮಿಕ್ ಟೈಲೊಂದು ಒಡೆದರೆ ಮನೆಯಲ್ಲಿಯೇ ಬದಲಾಯಿಸಬಹುದು. ಮೊದಲು ಸುತ್ತಲ ಸಂದಿನ ಗಾರೆಯನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಏಟು ಪಕ್ಕದ ಟೈಲಿಗೂ ತಗಲಿ ಅದೂ ಸೀಳುತ್ತದೆ. ಬಳಿಕ, ಕಣ್ಣಿಗೆ ಕನ್ನಡಕ ಧರಿಸಿ, ಉಳಿಯಿಂದ ನಡುವಿನಿಂದ ಅಂಚಿನ ಕಡೆಗೆ ಒಡೆದು ತೆಗೆಯಬೇಕು. ಅಡಿಯ ಹಳೆಯ ಗಾರೆಯನ್ನು ಕೆತ್ತಿ, ಹೊಸ ಅಂಟನ್ನು ಹಲ್ಲುಕರಣೆಯಿಂದ ಬಳಿದು, ಟೈಲನ್ನು ಅಲುಗಿಸುತ್ತ ಕೂರಿಸಿ, ಒಂದು ದಿನ ಬಿಟ್ಟು ಸಂದು ತುಂಬಬೇಕು. ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಅಂಟು ಪೂರ್ತಿ ಹಿಡಿದಿಲ್ಲವೆಂದು ತಿಳಿಯಬೇಕು. ಈ ಕೆಲಸಕ್ಕೆ ಅದೇ ಬಣ್ಣದ ಟೈಲು ಬೇಕು. ಒಂದು ಸಲ ಸುಟ್ಟ ಟೈಲಿನ ಛಾಯೆ ಇನ್ನೊಂದು ಸಲದ್ದಕ್ಕೆ ಹೊಂದದ ಕಾರಣ, ಕೊಳ್ಳುವಾಗಲೇ ಏಳೆಂಟು ಟೈಲುಗಳನ್ನು ಎತ್ತಿಡುವುದು ಒಳ್ಳೆಯದು.

ವಿನೈಲ್ ಹಾಳೆಯ ತೂತನ್ನು ಮುಚ್ಚುವುದು ಎಲ್ಲಕ್ಕಿಂತ ಸುಲಭ. ಉಳಿದ ತುಂಡನ್ನು ಚಿತ್ರ ಹೊಂದುವಂತೆ ಮೇಲಿಟ್ಟು, ಎರಡು ಪದರಗಳನ್ನೂ ಒಟ್ಟಿಗೆ ಚೂರಿಯಿಂದ ಕತ್ತರಿಸಿದರೆ ತೇಪೆಯು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತದೆ. ಆದರೆ ಹಳೆಯ ವಿನೈಲ್ ಟೈಲುಗಳಲ್ಲಿ ಕಲ್ನಾರು ಬೆರೆತಿರುವ ಸಂಭವವುಂಟು. ಅವನ್ನು ಉಜ್ಜಬಾರದು, ಪುಡಿಮಾಡಬಾರದು. ಲ್ಯಾಮಿನೇಟ್‌ನ ಸಣ್ಣ ಗೀರನ್ನು ಮೇಣದಿಂದ ತುಂಬಬಹುದು. ಹಲಗೆಯೇ ಕೆಟ್ಟರೆ ಗೋಡೆಯ ಕಡೆಯಿಂದ ಅಲ್ಲಿಯವರೆಗೆ ಒಂದೊಂದಾಗಿ ಬಿಚ್ಚಿಕೊಂಡು ಬರಬೇಕು. ಚಿತ್ರವು ಕಾಗದವಾದುದರಿಂದ ಮರದಂತೆ ತೀಡಿ ಹೊಸದಾಗಿಸಲು ಬಾರದು.

ಮೊಸಾಯಿಕ್ ಇದಕ್ಕೆ ವಿರುದ್ಧ. ಬಿರುಕನ್ನು ಬಿಳಿ ಸಿಮೆಂಟಿಗೆ ಬಣ್ಣ ಬೆರೆಸಿ ತುಂಬಬಹುದಾದರೂ ತೇಪೆ ಕಣ್ಣಿಗೆ ಕಾಣಿಸುತ್ತಲೇ ಇರುತ್ತದೆ. ಆದರೆ ಇಡೀ ನೆಲವನ್ನು ಮತ್ತೆ ತೀಡಿಸಿದರೆ ಹಳೆಯ ಕಲೆ ಗೀರುಗಳೆಲ್ಲ ಹೋಗಿ ಹೊಸ ಮೈ ಬರುತ್ತದೆ. ಈ ಯೋಗ ಉಳಿದ ಮೂರಕ್ಕೂ ಇಲ್ಲ. ಕಕ್ಕಸು ತೊಳೆಯುವ ಆಮ್ಲವನ್ನು ಮಾತ್ರ ಅದರ ಮೇಲೆ ಸುರಿಯಬಾರದು. ಅಮೃತಶಿಲೆ ನೊರೆಗಟ್ಟಿ ಕರಗುತ್ತದೆ. ಹೊಳಪು ಹೋಗಿ ಬಿಳಿಚಿಕೊಂಡ ಕಲೆಗಳು ಇಂಥ ಅಪಚಾರದ ಗುರುತು.

ಇನ್ನು ಖರ್ಚು. ದರಗಳು ಊರಿಂದೂರಿಗೆ ಬೇರೆಯಾದುದರಿಂದ ಉದಾಹರಣೆಗೆಂದು ಕೆಲವನ್ನು ಹಿಡಿದು ಆ ಮನೆಯ ಲೆಕ್ಕ ಹಾಕೋಣ. ಬಚ್ಚಲು 40 ಚದರಡಿ, ಅದರ ಮುಂದಿನ ಓಣಿ 20, ಒಟ್ಟು 60. ಟೈಲಿಗೆ ಚದರಡಿಗೆ 60 ರೂಪಾಯಿ, ಅಂಟಿಗೆ 25, ಕೂಲಿಗೆ 45, ಹಳೆಯ ನೆಲ ಕೆತ್ತಿ ಸಾಗಿಸಲು 40 ಎಂದರೆ ಚದರಡಿಗೆ 170, ಒಟ್ಟು 10,200 ರೂಪಾಯಿ. ಇದರಲ್ಲಿ ಟೈಲಿನ ಬೆಲೆ 3,600 ಮಾತ್ರ, ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಆದುದರಿಂದ ಟೈಲಿನಲ್ಲಿ ಹತ್ತು ರೂಪಾಯಿ ಉಳಿಸಲು ಜಾರುವ ಬಗೆಯನ್ನು ಆರಿಸುವುದು ಬುದ್ಧಿವಂತಿಕೆಯಲ್ಲ. 300 ಚದರಡಿಯ ನಡುಮನೆಯನ್ನೂ ಇದೇ ರೀತಿ ಕಿತ್ತು ಹಾಕಿಸಿದರೆ 51,000 ಆಗುವುದು. ಕೀಳದೆಯೇ ಮೇಲೆ ಲ್ಯಾಮಿನೇಟ್ ಹಾಸಿಸಿದರೆ, 110ರಂತೆ, 33,000. ಹಳೆಯ ಮೊಸಾಯಿಕ್ಕನ್ನೇ 30ರಂತೆ ತೀಡಿಸಿದರೆ 9,000.

ವಿನೈಲ್ ಹಾಳೆ ಎಲ್ಲಕ್ಕಿಂತ ಅಗ್ಗವೆಂದು ತೋರುವುದು ನಿಜ. ಆದರೆ ನೆಲಮಹಡಿಯ ಹಳೆಯ ಮನೆಗಳಲ್ಲಿ ಮಣ್ಣಿನ ತೇವ ಮೇಲೇರಿ ಅಂಟನ್ನು ಬಿಡಿಸುವುದುಂಟು. ಕೊಳ್ಳುವ ಮೊದಲು ಒಂದೂವರೆ ಅಡಿ ಚದರದ ಪಾಲಿಥೀನ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚನ್ನು ಅಂಟುಪಟ್ಟಿಯಿಂದ ಮುಚ್ಚಿ, ಒಂದು ಹಗಲು ರಾತ್ರಿ ಬಿಟ್ಟು ನೋಡಬೇಕು. ಒಳಗೆ ಹನಿಗಟ್ಟಿದ್ದರೆ ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಅಲ್ಲಿಗೆ ವಿನೈಲ್ ಸಲ್ಲದು.

ಹೀಗೆ ವಿಚಾರಿಸಿದಾಗ ಆ ಮನೆಗೆ ಇಡೀ ನೆಲ ಕೀಳಿಸುವ ಅಗತ್ಯವೇ ಕಾಣುವುದಿಲ್ಲ. ಬಚ್ಚಲಿಗೂ ಅದರ ಮುಂದಿನ ಓಣಿಗೂ 'ಬಿ' ದರ್ಜೆಯ, ನಾಲ್ಕು ಅಂಗುಲದ ಮಂಕು ಟೈಲು ಹಾಕಿಸಿ, ನೀರು ಮೋರಿಯ ಕಡೆಗೇ ಹರಿಯುವಂತೆ ವಾಟ ಕೊಡಿಸಬೇಕು. ನಡುಮನೆಯ ಮೊಸಾಯಿಕ್ಕಿನ ಮೇಣವನ್ನು ತೆಗೆಸಿ ತೀಡಿಸಿದರೆ ಸಾಕು. ಅದನ್ನು ಒರೆಸಿದ ಮೇಲೆ ಒಣಗುವವರೆಗೆ ಯಾರೂ ತುಳಿಯದಿರಲಿ. ಓಣಿಯನ್ನು ಮರೆಯುವುದೇ ಸಾಮಾನ್ಯವಾಗಿ ಆಗುವ ತಪ್ಪು. ಅಜ್ಜಿ ಬಿದ್ದುದು ಬಚ್ಚಲಿನೊಳಗಲ್ಲ, ಹೊಸ್ತಿಲಿನಿಂದ ಎರಡು ಹೆಜ್ಜೆ ಆಚೆಗೆ. ಒದ್ದೆ ಪಾದ ನೀರನ್ನು ಅಲ್ಲಿಯವರೆಗೂ ಹೊತ್ತು ತಂದಿತ್ತು.