ಇಸ್ತ್ರಿ ಪೆಟ್ಟಿಗೆ ಕಾಯುತ್ತಿದ್ದರೆ ಸಾಲದು

ಇಸ್ತ್ರಿ ಪೆಟ್ಟಿಗೆಯ ವೈರು ಸಾಮಾನ್ಯವಾಗಿ ನಡುವಿನಲ್ಲಿ ಕೆಡುವುದಿಲ್ಲ. ಹಿಡಿಯ ಹಿಂಭಾಗದಲ್ಲಿ ಅದು ಹೊರಬರುವ ಜಾಗದಲ್ಲೋ ಪ್ಲಗ್ಗಿನ ಬುಡದಲ್ಲೋ ಕೆಡುತ್ತದೆ. ಪೆಟ್ಟಿಗೆ ಹಿಂದೆ ಮುಂದೆ ಓಡಾಡಿದಾಗಲೆಲ್ಲ ವೈರು ಬಾಗುವುದು ಅಲ್ಲೇ. ಒಳಗಿನ ಕೂದಲೆಳೆಯಂಥ ತಾಮ್ರದ ತಂತಿಗಳು ಬಾಗಿ ಬಾಗಿ ಒಂದೊಂದಾಗಿ ತುಂಡಾಗುತ್ತವೆ. 1000 ವಾಟ್‌ನ ಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಕರೆಂಟು ಎಳೆಯುತ್ತದೆ. ಅಷ್ಟೂ ಕರೆಂಟು ಉಳಿದ ನಾಲ್ಕೈದು ಎಳೆಗಳಲ್ಲೇ ಹರಿಯಬೇಕಾದಾಗ ಆ ಜಾಗ ಕಾದು, ಮೇಲಿನ ಹೊದಿಕೆ ಸುಡತೊಡಗುತ್ತದೆ.

ಇದಕ್ಕಿಂತ ಅಪಾಯದ್ದು ಹಸಿರು ವೈರು, ಅಂದರೆ ಅರ್ಥಿಂಗ್, ತುಂಡಾಗುವುದು. ಅದು ತುಂಡಾದರೂ ಪೆಟ್ಟಿಗೆ ಎಂದಿನಂತೆ ಕಾಯುತ್ತದೆ, ಬಟ್ಟೆಯೂ ಇಸ್ತ್ರಿಯಾಗುತ್ತದೆ. ಆದರೆ ಮುಂದೊಂದು ದಿನ ಫೇಸ್ ವೈರು ಒಳಗೆ ಲೋಹಕ್ಕೆ ತಗುಲಿದರೆ, ಕರೆಂಟು ನೆಲಕ್ಕಿಳಿಯಲು ದಾರಿಯಿರುವುದಿಲ್ಲ. ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ನೋಡುವ ಮುನ್ನ ಪ್ಲಗ್ ಕಿತ್ತಿಡಿ, ಪೆಟ್ಟಿಗೆ ತಣ್ಣಗಾಗಲಿ. ವೈರನ್ನು ಎರಡು ಬೆರಳ ನಡುವೆ ಹಿಡಿದು ಉದ್ದಕ್ಕೂ ನಿಧಾನವಾಗಿ ಸವರಿ. ನೂಲಿನ ಹೊದಿಕೆ ಹರಿದಿರುವುದು, ಒಂದು ಕಡೆ ಗಟ್ಟಿಯಾಗಿರುವುದು ಅಥವಾ ತೀರಾ ಮೆತ್ತಗಿರುವುದು ಬೆರಳಿಗೇ ಗೊತ್ತಾಗುತ್ತದೆ. ಪ್ಲಗ್ಗಿನ ಪಿನ್ನಿನ ಸುತ್ತ ಕಂದು ಬಣ್ಣವಿದ್ದರೆ ಅಲ್ಲಿ ಹಿಡಿತ ಸಡಿಲವಾಗಿ ಕಾದಿದೆ ಎಂದರ್ಥ. ಹಾಗಿದ್ದರೆ ಗೋಡೆಯ ಸಾಕೆಟ್ಟನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅರ್ಥಿಂಗ್ ಕಣ್ಣಿಗೆ ಕಾಣದು. ಪ್ಲಗ್ಗಿನ ದಪ್ಪ ಪಿನ್ನಿಗೂ ಪೆಟ್ಟಿಗೆಯ ತಳದ ಲೋಹಕ್ಕೂ ಮಲ್ಟಿಮೀಟರ್ ಹಿಡಿದು, ವೈರನ್ನು ಅಲುಗಿಸುತ್ತಾ ನೋಡಬೇಕು. ಬೀಪ್ ಸದ್ದು ನಡುವೆ ನಿಂತರೆ ಒಳಗೆ ತುಂಡಾಗಿದೆ.

ಇನ್ನು ರಿಪೇರಿ. ವೈರು ಚೆನ್ನಾಗಿದ್ದು ಪ್ಲಗ್ ಮಾತ್ರ ಕೆಟ್ಟಿದ್ದರೆ, ಸುಟ್ಟ ಭಾಗ ಕತ್ತರಿಸಿ ಐಎಸ್‌ಐ ಗುರುತಿನ ಮೂರು ಪಿನ್ನಿನ ಹೊಸ ಪ್ಲಗ್ ಹಾಕಿಸಬಹುದು. ಒಳಗೆ ಹಸಿರು ವೈರನ್ನು ಮಿಕ್ಕೆರಡಕ್ಕಿಂತ ತುಸು ಉದ್ದ ಬಿಡಿಸಿ. ಯಾರಾದರೂ ಜಗ್ಗಿದರೂ ಅದು ಕೊನೆಗೆ ಕಳಚಲಿ.

ವೈರೇ ಕೆಟ್ಟಿದ್ದರೆ ಟೇಪ್ ಸುತ್ತಬೇಡಿ. ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಗಂಟು ಹಾಕಿದ ಜಾಗ ಮತ್ತೆ ಕಾಯುತ್ತದೆ. ಇಡೀ ವೈರನ್ನೇ ಬದಲಿಸಬೇಕು, ಅದೂ ಇಸ್ತ್ರಿ ಪೆಟ್ಟಿಗೆಗೆಂದೇ ಬರುವ ನೂಲು ಹೊದಿಕೆಯದ್ದು. ಸಾಧಾರಣ ಪ್ಲಾಸ್ಟಿಕ್ ವೈರು ಬಿಸಿ ತಳ ತಗುಲಿದರೆ ಕರಗುತ್ತದೆ.

ರಿಪೇರಿಯವರು ಬಿಚ್ಚಿದಾಗ ಒಳಗಿನ ಟರ್ಮಿನಲ್ ಕರಗಿದ್ದರೆ, ಅರ್ಥಿಂಗ್ ಸ್ಕ್ರೂ ತುಕ್ಕು ಹಿಡಿದು ನಿಲ್ಲದಿದ್ದರೆ, ಹೊಸ ಪೆಟ್ಟಿಗೆ ಕೊಳ್ಳುವುದೇ ಸರಿ. ನೀರು ಕಾಯಿಸುವ ರಾಡಿನ ಬುಡದಲ್ಲಿ ವೈರು ಸೀಳಿದ್ದರೂ ಅಷ್ಟೇ. ಸೀಲ್ ಮಾಡಿದ ಆ ಜಾಗವನ್ನು ಮನೆಯಲ್ಲಿ ಮತ್ತೆ ನೀರು ಹೋಗದಂತೆ ಮುಚ್ಚಲಾಗದು.

ಕಿತ್ತ ಹಳೇ ವೈರನ್ನು ಪ್ಲಗ್ ಸಮೇತ ಎಸೆಯಬೇಡಿ. ಮಗುವೊಂದು ಅದನ್ನು ತಂದು ಸಾಕೆಟ್ಟಿಗೆ ಸಿಕ್ಕಿಸಿದರೆ, ಇನ್ನೊಂದು ತುದಿಯಲ್ಲಿರುವುದು ಬರಿಯ ತಾಮ್ರ. ಪ್ಲಗ್ಗನ್ನು ಕತ್ತರಿಸಿ, ಪಿನ್ನುಗಳನ್ನು ಬಗ್ಗಿಸಿ ಎಸೆಯಿರಿ.