ಒಂದೇ ಹೆಸರಿನ ಎರಡು ಎಣ್ಣೆಗಳು

ಭದ್ರಾ ಅಣೆಕಟ್ಟು ಇರುವ ಲಕ್ಕವಳ್ಳಿಯಿಂದ ತರೀಕೆರೆ, ಕಡೂರುಗಳವರೆಗೆ ಹಬ್ಬಿರುವ ಸೀಮೆಯು ತೆಂಗು ಅಡಕೆಗಳ ಸೀಮೆ. ಇಲ್ಲಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಇಲ್ಲದಿರುವುದು ಅಪೂರ್ವ. ಎಷ್ಟೋ ಮನೆಗಳಲ್ಲಿ ಅದರ ಪಕ್ಕದಲ್ಲಿಯೇ ಇನ್ನೊಂದು ಚಿಕ್ಕ ಸೀಸೆ ಇರುತ್ತದೆ. ಅದು ನೆಗಡಿಗೆ, ಮೈಕೈ ನೋವಿಗೆ ತಂದಿಟ್ಟ ನೀಲಗಿರಿ ಎಣ್ಣೆ. ಎರಡಕ್ಕೂ ನಾವು ‘ಎಣ್ಣೆ’ ಎಂದೇ ಹೇಳುತ್ತೇವೆ. ಆದರೆ ಮೊದಲನೆಯದು ಆಹಾರ. ಎರಡನೆಯದನ್ನು ಒಂದು ಚಮಚದಷ್ಟು ಕುಡಿದ ಮಗುವಿನ ಪ್ರಾಣಕ್ಕೇ ಅಪಾಯ ಒದಗಬಹುದು. ಹೆಸರು ಒಂದೇ ಆಗಿರುವಾಗ ಗುಣದಲ್ಲಿ ಇಷ್ಟು ಅಂತರವೇಕೆ?

ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಬಹುದು. ಬಿಳಿಯ ಕಾಗದದ ಮೇಲೆ ಒಂದು ಕಡೆ ಕೊಬ್ಬರಿ ಎಣ್ಣೆಯ ಹನಿಯನ್ನೂ ಇನ್ನೊಂದು ಕಡೆ ನೀಲಗಿರಿ ಎಣ್ಣೆಯ ಹನಿಯನ್ನೂ ಬಿಡಿ. ಮರುದಿನ ನೋಡಿದರೆ ಕೊಬ್ಬರಿ ಎಣ್ಣೆಯ ಜಿಡ್ಡಿನ ಕಲೆ ಹಾಗೆಯೇ ಉಳಿದಿರುತ್ತದೆ. ಶುದ್ಧವಾದ ನೀಲಗಿರಿ ಎಣ್ಣೆಯಾದರೋ ಬಹುಮಟ್ಟಿಗೆ ಆವಿಯಾಗಿ ಹೋಗಿರುತ್ತದೆ. ಕೊಬ್ಬರಿ ಎಣ್ಣೆಯು ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳು ಕೂಡಿ ಆದ ದೊಡ್ಡ ಅಣುಗಳ ದ್ರವ. ಸುಗಂಧತೈಲಗಳು ಹಾಗಲ್ಲ. ಅವು ಎಲೆ, ಹೂ, ತೊಗಟೆಗಳಿಂದ ಸಾಮಾನ್ಯವಾಗಿ ಹಬೆಯ ಮೂಲಕ ಬಟ್ಟಿಯಿಳಿಸಿ ತೆಗೆದ, ಚಿಕ್ಕ ಅಣುಗಳ, ಬೇಗನೆ ಆವಿಯಾಗುವ ಸಾರಗಳು. ಅವುಗಳ ಸಾಂದ್ರತೆ ಎಷ್ಟೆಂಬುದು ಲೆಕ್ಕದಿಂದ ತಿಳಿಯುತ್ತದೆ. ನೂರು ಕಿಲೋಗ್ರಾಂ ಹಸಿ ನೀಲಗಿರಿ ಎಲೆಯಿಂದ ಸುಮಾರು ಒಂದು ಕಿಲೋಗ್ರಾಂ ತೈಲ ದೊರೆಯುತ್ತದೆ. ಎಂದರೆ, ಐದು ಮಿಲಿಲೀಟರ್ ಹಿಡಿಯುವ ಒಂದು ಟೀ ಚಮಚದಲ್ಲಿ ಅರ್ಧ ಕಿಲೋಗ್ರಾಮಿನಷ್ಟು ಎಲೆಯ ಸಾರವಿದೆ!

ಚರ್ಮದ ಮೇಲೆ ನಡೆಯುವುದೇನು?

ನಮ್ಮ ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತಿದೆ. ಒಣಗಿದ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಣ ಕೊಬ್ಬಿನಂಥ ವಸ್ತುವೇ ಗಾರೆ. ನೀರು ಈ ಗೋಡೆಯನ್ನು ಸುಲಭವಾಗಿ ದಾಟಲಾರದು. ಆದರೆ ಸುಗಂಧತೈಲದ ಅಣುಗಳು ಕೊಬ್ಬಿನಲ್ಲಿ ಕರಗುವುದರಿಂದ ಗಾರೆಯೊಳಗೆ ನುಸುಳಿಬಿಡುತ್ತವೆ. ಅದರಿಂದ ಎರಡು ಬಗೆಯ ತೊಂದರೆಗಳು ಉಂಟಾಗಬಹುದು. ಮೊದಲನೆಯದು ಉರಿತ, ಇದು ತೈಲ ಹೆಚ್ಚು ಗಟ್ಟಿಯಾದಾಗ ಯಾರಿಗಾದರೂ ಆಗಬಹುದು, ಬೇಗನೆ ಕಾಣಿಸಿಕೊಳ್ಳುತ್ತದೆ. ಎರಡನೆಯದು ಒಗ್ಗದಿಕೆ, ಅಥವಾ ಅಲರ್ಜಿ. ಮಜ್ಜಿಗೆಹುಲ್ಲಿನ ತೈಲದಲ್ಲಿರುವ ಸಿಟ್ರಾಲ್ ಎಂಬ ವಸ್ತುವು ಇದಕ್ಕೆ ಒಳ್ಳೆಯ ನಿದರ್ಶನ. ಅದು ಚರ್ಮದ ಪ್ರೋಟೀನುಗಳೊಡನೆ ಕೂಡಿಕೊಳ್ಳುತ್ತದೆ. ಆಗ ದೇಹದ ರಕ್ಷಣಾಕೋಶಗಳು ಆ ಪ್ರೋಟೀನನ್ನು ಪರಕೀಯವೆಂದು ಭ್ರಮಿಸಿ ನೆನಪಿಟ್ಟುಕೊಳ್ಳುತ್ತವೆ. ಮುಂದೆ ಅದೇ ತೈಲ ತಗುಲಿದಾಗ ಒಂದೆರಡು ದಿನಗಳ ಬಳಿಕ ಆ ಜಾಗ ಕೆಂಪಾಗಿ, ತುರಿಸಿ, ಗುಳ್ಳೆಗಳೇಳುತ್ತವೆ. ಒಮ್ಮೆ ಮೂಡಿದ ಈ ನೆನಪು ಸಾಮಾನ್ಯವಾಗಿ ಬಹುಕಾಲ ಅಳಿಯದು.

ಚರ್ಮದ ಒಂದೊಂದು ಅಂಗುಲಕ್ಕೆ ತಗುಲುವ ತೈಲದ ಪ್ರಮಾಣವನ್ನು ಕಡಮೆ ಮಾಡುವುದೇ ಕೊಬ್ಬರಿ ಎಣ್ಣೆ ಬೆರೆಸುವುದರ ಉದ್ದೇಶ. ನೀರು ಈ ಕೆಲಸಕ್ಕೆ ಬಾರದು. ಸುಗಂಧತೈಲ ಅದರಲ್ಲಿ ಕರಗದೆ ಮೇಲೆ ತೇಲಿ, ತಗುಲಿದ ಕಡೆ ಗಟ್ಟಿಯಾಗಿಯೇ ತಗುಲುತ್ತದೆ.

ಐವತ್ತು ಮಿಲಿಲೀಟರ್, ಅಂದರೆ ಹತ್ತು ಟೀ ಚಮಚ ಕೊಬ್ಬರಿ ಎಣ್ಣೆಯನ್ನು ತೆಗೆದುಕೊಂಡೆವೆನ್ನೋಣ. ವಯಸ್ಕರ ಕೈಕಾಲುಗಳಿಗೆ ನೀಲಗಿರಿ ಎಣ್ಣೆ ನೂರಕ್ಕೆ ಎರಡರಷ್ಟಿದ್ದರೆ ಸಾಕು. ಐವತ್ತರಲ್ಲಿ ಅದು ಒಂದು ಮಿಲಿಲೀಟರ್, ಎಂದರೆ ಸುಮಾರು 20 ಹನಿ. ಮೊದಲ ಬಾರಿ ಹಚ್ಚುವವರು ಅದರ ಅರ್ಧ, 10 ಹನಿ ಹಾಕುವುದು ಮೇಲು. ಮಜ್ಜಿಗೆಹುಲ್ಲಿನ ತೈಲವಾದರೆ 5 ಹನಿ ಮೀರಬಾರದು. ಹನಿಯ ಗಾತ್ರ ಸೀಸೆಯಿಂದ ಸೀಸೆಗೆ ಬೇರೆಯಾಗುವುದರಿಂದ, ಸೂಜಿಯಿಲ್ಲದ ಒಂದು ಮಿಲಿಲೀಟರಿನ ಸಿರಿಂಜಿನಿಂದ ಅಳೆಯುವುದು ಇನ್ನೂ ಖಚಿತ.

ಮಲೆನಾಡಿನ ಅಂಚಿನಲ್ಲಿರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಪುಷ್ಯಮಾಸದ ಬೆಳಗ್ಗೆ ಹೆಪ್ಪಿನ ಮೇಲೆ ಹನಿಗಳನ್ನು ಬಿಟ್ಟು ಕಲಸಿದರೆ ಅವು ಸಮನಾಗಿ ಹರಡದೆ, ಒಂದು ಬೆರಳಿಗೆ ಬರಿಯ ಕೊಬ್ಬರಿ ಎಣ್ಣೆಯೂ ಇನ್ನೊಂದಕ್ಕೆ ಗಟ್ಟಿ ತೈಲವೂ ಬರುತ್ತದೆ. ಆದುದರಿಂದ ಮೊದಲು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಒಲೆಯಿಂದ ದೂರದಲ್ಲಿ ತೈಲವನ್ನು ಬೆರೆಸಬೇಕು; ಸುಗಂಧತೈಲದ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ತೋಳಿನ ಮೇಲಿನ ಪರೀಕ್ಷೆ

ಬೆರೆಸಿದ ಎಣ್ಣೆಯನ್ನು ಮೈಗೆ ಹಚ್ಚುವ ಮೊದಲು ಅದರ ಎರಡು ಹನಿಯನ್ನು ಮುಂಗೈಯ ಒಳಮಗ್ಗುಲಲ್ಲಿ, ಮೊಣಕೈಯ ಮಡಿಕೆಗಿಂತ ಸ್ವಲ್ಪ ಕೆಳಗೆ ಹಚ್ಚಿ, ಹತ್ತಿಬಟ್ಟೆಯ ಚಿಕ್ಕ ಪಟ್ಟಿಯಿಂದ ಮುಚ್ಚಿ ಅಂಟಿಸಬೇಕು. ಇನ್ನೊಂದು ಕೈಯ ಅದೇ ಸ್ಥಳದಲ್ಲಿ ಬರಿಯ ಕೊಬ್ಬರಿ ಎಣ್ಣೆಯನ್ನು ಹಚ್ಚಿ ಅದೇ ರೀತಿ ಮುಚ್ಚಬೇಕು. ಹೋಲಿಕೆಯಿಲ್ಲದ ಪರೀಕ್ಷೆಗೆ ಅರ್ಥವಿಲ್ಲ. ಎರಡು ಕೈಗಳೂ ಕೆಂಪಾದರೆ ದೋಷ ಅಂಟುಪಟ್ಟಿಯದು ಅಥವಾ ಕೊಬ್ಬರಿ ಎಣ್ಣೆಯದು ಇರಬಹುದು. ಒಂದೇ ಕೈ ಕೆಂಪಾದರೆ ಸುಗಂಧತೈಲದ್ದೇ ಎನ್ನಬಹುದು.

ಪಟ್ಟಿಗಳನ್ನು ನೀರು ತಾಗಿಸದೆ 48 ಗಂಟೆಗಳ ಕಾಲ ಇರಿಸಬೇಕು. ನಡುವೆ ಉರಿಯಾಗಲಿ ತುರಿಕೆಯಾಗಲಿ ಕಂಡರೆ ತಡಮಾಡದೆ ಕಿತ್ತು, ಸಾಬೂನು ನೀರಿನಿಂದ ತೊಳೆಯಬೇಕು. ಏನೂ ಆಗದಿದ್ದರೂ ಪಟ್ಟಿ ತೆಗೆದ ಮೇಲೆ ಇನ್ನೆರಡು ದಿನ ಆ ಸ್ಥಳವನ್ನು ನೋಡುತ್ತಿರಬೇಕು. ಏಕೆಂದರೆ ಅಲರ್ಜಿಯು ನಿಧಾನವಾಗಿ ಕಾಣಿಸಿಕೊಳ್ಳುವಂಥದು. ಹತ್ತು ನಿಮಿಷ ನೋಡಿ “ಏನೂ ಆಗಲಿಲ್ಲ” ಎನ್ನುವವನು ಉರಿತವನ್ನು ಮಾತ್ರ ಪರೀಕ್ಷಿಸಿದ್ದಾನೆ.

ಬೆರೆಸದ ತೈಲವನ್ನು ಪರೀಕ್ಷೆಗೆಂದು ಹಚ್ಚುವುದು ಸಲ್ಲದು. ಆ ಪರೀಕ್ಷೆಯೇ ಅಲರ್ಜಿಯನ್ನು ಹುಟ್ಟಿಸಬಲ್ಲುದು. ಇದಲ್ಲದೆ, ಇಂದು ಒಗ್ಗಿದ ತೈಲ ಎಂದೆಂದಿಗೂ ಒಗ್ಗುತ್ತದೆಂಬ ಭರವಸೆಯಿಲ್ಲ. ಮುಚ್ಚಳ ಸಡಿಲವಾಗಿ, ಬಿಸಿಲು ಬಡಿದು ಹಳತಾದ ತೈಲದಲ್ಲಿ ಗಾಳಿಯ ಆಮ್ಲಜನಕವು ಹೊಸ, ಇನ್ನೂ ತೀಕ್ಷ್ಣವಾದ ವಸ್ತುಗಳನ್ನು ಉಂಟುಮಾಡುತ್ತದೆ. ಅಂಥದನ್ನು ಚರ್ಮಕ್ಕೆ ಹಚ್ಚದಿರುವುದು ಲೇಸು.

ಗಂಟಲಿಗಿಳಿದಾಗ

ಅಡುಗೆಯಲ್ಲಿ ಜೀರಿಗೆ, ಲವಂಗ ತಿನ್ನುವುದಿಲ್ಲವೆ, ಅವುಗಳಲ್ಲಿಯೂ ತೈಲವಿಲ್ಲವೆ ಎಂದು ಕೇಳಬಹುದು. ಇದೆ, ಆದರೆ ಒಂದು ಚಿಟಿಕೆ ಜೀರಿಗೆಯಲ್ಲಿರುವ ತೈಲ ಒಂದು ಹನಿಯಷ್ಟೂ ಇಲ್ಲ. ಸೀಸೆಯ ವಿಷಯ ಬೇರೆ. ಕುಡಿದ ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕರುಳಿನಿಂದ ರಕ್ತಕ್ಕೆ ಸೇರಿ ಬೇಗನೆ ಮಿದುಳನ್ನು ಮುಟ್ಟುತ್ತದೆ. ಬಾಯಿ ಉರಿ, ವಾಂತಿ, ತೂಕಡಿಕೆ, ತೂರಾಡುವ ನಡಿಗೆ ತೋರಿ, ಬಳಿಕ ಸೆಳವು ಮತ್ತು ಪ್ರಜ್ಞೆತಪ್ಪುವಿಕೆ ಬರಬಹುದು. ಇದೆಲ್ಲ ಅರ್ಧ ಗಂಟೆಯೊಳಗೇ ಮೊದಲಾಗಬಹುದು. ಚಿಕ್ಕ ಮಕ್ಕಳಿಗೆ ಒಂದು ಟೀ ಚಮಚಕ್ಕಿಂತ ಕಡಮೆಯೂ ಅಪಾಯಕರ.

ಇದು ದೂರದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗತಜ್ಞರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಆಸ್ಪತ್ರೆಗಳು ಸೆಳವು ಬಂದ 350 ವಯಸ್ಕರನ್ನು ವಿಚಾರಿಸಿ ನೋಡಿದವು. ಅವರಲ್ಲಿ 55 ಮಂದಿಯ ಸೆಳವಿಗೆ ಸುಗಂಧತೈಲಗಳ ನಂಟು ಕಂಡುಬಂದಿತು. ಅವುಗಳಲ್ಲಿ ನೀಲಗಿರಿ ಮತ್ತು ಕರ್ಪೂರಗಳೇ ಮುಖ್ಯ. ಕುಡಿದವರಷ್ಟೇ ಅಲ್ಲ, ಮೂಸಿದವರೂ ಹಚ್ಚಿಕೊಂಡವರೂ ಅವರಲ್ಲಿದ್ದರು. ಆದುದರಿಂದ ಮೂರ್ಛೆರೋಗವಿರುವವರು ಈ ತೈಲಗಳನ್ನು ಹಚ್ಚುವುದನ್ನೂ ಬಿಡುವುದು ಒಳ್ಳೆಯದು. ಎಳೆಯ ಮಕ್ಕಳ ಮೂಗು, ಮುಖಗಳ ಬಳಿ ಇವನ್ನು ತರಲೇಬಾರದು. ಗಂಟಲು ಬಿಗಿದು ಉಸಿರಾಟಕ್ಕೆ ತಡೆಯಾಗಬಹುದು.

ಮಗು ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ರೂಢಿ. ಇಲ್ಲಿ ಅದೇ ದೊಡ್ಡ ತಪ್ಪು. ಸುಗಂಧತೈಲ ಬಹಳ ತೆಳುವಾದುದರಿಂದ ವಾಂತಿಯಾಗುವಾಗ ಶ್ವಾಸನಾಳಕ್ಕೆ ಜಾರಿ, ಶ್ವಾಸಕೋಶವನ್ನು ಉರಿಯೂತಕ್ಕೆ ಗುರಿಮಾಡುತ್ತದೆ. ನಡುವೆ ಸೆಳವು ಬಂದರಂತೂ ಅಪಾಯ ಇಮ್ಮಡಿ. ಏನನ್ನೂ ಕುಡಿಸದೆ, ಲಕ್ಷಣಗಳು ತೋರಲೆಂದು ಕಾಯದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೊರಡಬೇಕು. ಲಕ್ಕವಳ್ಳಿಯಂಥ ಊರಿನಿಂದ ತಾಲ್ಲೂಕು ಆಸ್ಪತ್ರೆಗೆ ಹೋಗುವ ಹೊತ್ತಿನಲ್ಲಿಯೇ ಸೆಳವು ಮೊದಲಾಗಬಹುದಾದುದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ದಾರಿಯಲ್ಲಿ ಮಗುವನ್ನು ಮಗ್ಗುಲಾಗಿ ಮಲಗಿಸಿರಬೇಕು. ಸೀಸೆಯನ್ನೂ ಜೊತೆಗೆ ಒಯ್ಯಬೇಕು. ಯಾವ ತೈಲ, ಎಷ್ಟು ಹೋಗಿದೆ ಎಂಬುದನ್ನು ವೈದ್ಯರು ಅದರಿಂದ ತಿಳಿಯುತ್ತಾರೆ.

ಆ ಚಿಕ್ಕ ಸೀಸೆಯ ಸ್ಥಾನ ಕೊಬ್ಬರಿ ಎಣ್ಣೆಯ ಪಕ್ಕದಲ್ಲಲ್ಲ. ಮಕ್ಕಳ ಕೈಗೆಟುಕದ, ಬೀಗವಿರುವ ಪೆಟ್ಟಿಗೆಯಲ್ಲಿ, ‘ಕುಡಿಯುವಂಥದಲ್ಲ’ ಎಂಬ ಚೀಟಿಯೊಡನೆ ಅದು ಇರಬೇಕು.